ಹೆಸರು ಬರೆಯುವ ಮೊದಲು ಒಂದು ಫೋನು ಮಾಡಿ

ಕಂಪೆನಿ ಕ್ಯಾಂಟೀನುಗಳ ಗುತ್ತಿಗೆಗಾಗಿ ನಮ್ಮ ಸದಸ್ಯರು ಬರೆಯುವ ಅರ್ಜಿಗಳು ಸಲಹೆಗೆಂದು ಆಗಾಗ ನಮ್ಮ ಕೈಗೆ ಬರುತ್ತವೆ. ದರಪಟ್ಟಿ, ಮೆನು, ಲೈಸೆನ್ಸಿನ ಪ್ರತಿ ಎಲ್ಲವೂ ಕ್ರಮವಾಗಿಯೇ ಇರುತ್ತದೆ. ತೊಂದರೆ ಇರುವುದು ಹೆಚ್ಚಾಗಿ ಮೊದಲ ಪ್ಯಾರಾದಲ್ಲಿ. ಅಲ್ಲಿ ಯಾರದೋ ಹೆಸರು ಇರುತ್ತದೆ. 'ನಿಮ್ಮ ಇಂಥ ಸಾಹೇಬರು ನಮ್ಮ ಆಪ್ತರು', 'ತಾವು ಮತ್ತು ನಾವು ಒಂದೇ ಕಾಲೇಜಿನ ಸಹಪಾಠಿಗಳು', 'ಇಂಥವರು ನಿಮ್ಮನ್ನು ಕಾಣಲು ಹೇಳಿದ್ದಾರೆ' ಎಂಬ ಸಾಲುಗಳು. ವಿಚಾರಿಸಿದರೆ ಆ ಸಾಹೇಬರು ಎರಡು ಸಲ ನಮ್ಮ ಹೋಟೆಲಿನಲ್ಲಿ ಊಟ ಮಾಡಿದವರು, ಕಾಲೇಜು ಒಂದೇ ಆದರೂ ನಡುವೆ ಹತ್ತು ವರ್ಷಗಳ ಅಂತರ, 'ಕಾಣಲು ಹೇಳಿದವರು' ಯಾವುದೋ ಮದುವೆಯಲ್ಲಿ 'ಒಮ್ಮೆ ಹೋಗಿ ನೋಡಿ' ಎಂದು ಬಾಯಿಮಾತಿಗೆ ಅಂದವರು.

ಪರಿಚಯದ ಹೆಸರನ್ನು ಹೇಳಬಾರದು ಎಂದು ನಾವು ಹೇಳುತ್ತಿಲ್ಲ. ಪರವೂರಿನಲ್ಲಿ ಹೋಟೆಲ್ ಇಟ್ಟ ನಮಗೆ ಪರಿಚಯವೇ ಮೊದಲ ಬಂಡವಾಳವಾಗಿತ್ತು. ನಮ್ಮ ಅಭಿಪ್ರಾಯ ಇಷ್ಟೇ: ಪರಿಚಯ ಎಷ್ಟಿದೆಯೋ ಅಷ್ಟನ್ನೇ ಬರೆಯಬೇಕು, ಹೆಸರಿನವರನ್ನು ಕೇಳಿಯೇ ಬರೆಯಬೇಕು, ಕೆಲವು ಕಡೆ ಬರೆಯಲೇಬಾರದು. ನೀತಿಯ ಮಾತಿಗಿಂತ ಹೆಚ್ಚಾಗಿ ಇದು ವ್ಯಾಪಾರದ ಮಾತು. ಏಕೆಂದರೆ ಅರ್ಜಿ ಓದುವ ಅಡ್ಮಿನ್ ಮ್ಯಾನೇಜರ್ ಮಾಡುವ ಮೊದಲ ಕೆಲಸ, ಆ ಹೆಸರಿನವರಿಗೆ ಒಂದು ಫೋನು ಹಚ್ಚುವುದು. ಇಂದು ಅದಕ್ಕೆ ಎರಡು ನಿಮಿಷವೂ ಬೇಕಿಲ್ಲ. ಆ ಫೋನಿನಲ್ಲಿ ಬರುವ ಉತ್ತರವೂ ನಮ್ಮ ಪತ್ರದ ಸಾಲೂ ಒಂದಕ್ಕೊಂದು ತಾಳೆಯಾಗದಿದ್ದರೆ ಆಮೇಲೆ ನಮ್ಮ ದರಪಟ್ಟಿಯನ್ನು ಯಾರೂ ನಂಬುವುದಿಲ್ಲ. ಪರಿಚಯವನ್ನು ಹಿಗ್ಗಿಸಿ ಹೇಳುವವನು ಎಣ್ಣೆಯ ಬ್ರಾಂಡನ್ನು ಸರಿಯಾಗಿ ಹೇಳಿಯಾನೇ ಎಂದು ಅವರು ಯೋಚಿಸುವುದು ಸಹಜ.

ಇದನ್ನು ನಾವು ಹಣ ಕೊಟ್ಟೇ ಕಲಿತದ್ದು. ವರ್ಷಗಳ ಹಿಂದೆ ಒಂದು ಕಾರ್ಖಾನೆಯ ಕ್ಯಾಂಟೀನಿಗೆ ಅರ್ಜಿ ಹಾಕುವಾಗ ಅಲ್ಲಿನ ಹಿರಿಯ ಅಧಿಕಾರಿಯೊಬ್ಬರನ್ನು 'ನಮ್ಮ ಕುಟುಂಬ ಸ್ನೇಹಿತರು' ಎಂದು ಬರೆದುಬಿಟ್ಟೆವು. ನಿಜಸಂಗತಿ ಎಂದರೆ ಅವರ ಮಗಳ ಆರತಕ್ಷತೆಗೆ ನಾವು ಊಟ ಒದಗಿಸಿದ್ದೆವು, ಲೆಕ್ಕ ಚುಕ್ತಾ ಮಾಡುವ ದಿನ ಒಟ್ಟಿಗೆ ಕಾಫಿ ಕುಡಿದಿದ್ದೆವು. ಅಡ್ಮಿನ್ ವಿಭಾಗದವರು ನಮ್ಮ ಪತ್ರವನ್ನೇ ಆ ಅಧಿಕಾರಿಯ ಮೇಜಿಗೆ ಕಳುಹಿಸಿ 'ಇವರು ತಮಗೆ ಬೇಕಾದವರೇ?' ಎಂದು ಕೇಳಿದರು. ಪಾಪ, ಅವರಿಗೆ ನಮ್ಮ ಹೋಟೆಲಿನ ಹೆಸರು ನೆನಪಾಯಿತು, ನಮ್ಮ ಹೆಸರು ನೆನಪಾಗಲಿಲ್ಲ. ಗುತ್ತಿಗೆ ಹೋಯಿತು. ಅದಕ್ಕಿಂತ ಹೆಚ್ಚಿನ ನಷ್ಟವೆಂದರೆ, 'ನಮ್ಮ ಮಗಳ ಆರತಕ್ಷತೆಗೆ ಊಟ ಚೆನ್ನಾಗಿ ಮಾಡಿದ್ದರು' ಎಂದು ಮನಸಾರೆ ಹೇಳಬಹುದಾಗಿದ್ದ ಒಬ್ಬರ ಬಾಯಿಯನ್ನು ನಾವೇ ಕಟ್ಟಿಹಾಕಿದ್ದೆವು. ಕುಟುಂಬ ಸ್ನೇಹಿತ ಎಂದು ಒಪ್ಪಿಕೊಂಡರೆ ಪಕ್ಷಪಾತದ ಮಾತು ಬರುತ್ತದೆ, ಅಲ್ಲವೆಂದರೆ ನಾವು ಸುಳ್ಳರಾಗುತ್ತೇವೆ. ಅವರು ಏನೂ ಹೇಳದೆ ಸುಮ್ಮನಾದರು.

ಈಗ ಇತ್ತೀಚಿನ ಒಂದು ಪ್ರಕರಣ. ಥಾಣೆಯ ನಮ್ಮ ಸದಸ್ಯರೊಬ್ಬರಿಗೆ ಐರೋಲಿಯ ಒಂದು ಕಂಪೆನಿಗೆ ದಿನಕ್ಕೆ 350 ಊಟ ಬೇಕಾಗಿದೆ ಎಂಬ ಸುದ್ದಿ ಸಿಕ್ಕಿತು. ಅಲ್ಲಿನ ಅಡ್ಮಿನ್ ಮ್ಯಾನೇಜರ್ ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ಓದಿದವರು. ನಮ್ಮ ಸದಸ್ಯರೂ ಅಲ್ಲಿಯೇ ಓದಿದವರು. ಅಷ್ಟೇ ಅಲ್ಲ, ಇಬ್ಬರಿಗೂ ಪರಿಚಯವಿರುವ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಇದ್ದರು. ನಾವು ಅವರನ್ನು ಇಲ್ಲಿ ರಾಯರು ಎನ್ನೋಣ. ಸದಸ್ಯರ ಮೊದಲ ಕರಡಿನಲ್ಲಿ ಹೀಗಿತ್ತು: 'ತಾವೂ ನಾವೂ ಎಂ.ಜಿ.ಎಂ. ಕಾಲೇಜಿನ ಸಹಪಾಠಿಗಳು. ನಮ್ಮ ಆತ್ಮೀಯ ಮಿತ್ರರಾದ ರಾಯರು ತಮ್ಮನ್ನು ಸಂಪರ್ಕಿಸಲು ಸೂಚಿಸಿದ್ದಾರೆ.'

ನಾವು ಅವರನ್ನು ಕುಳ್ಳಿರಿಸಿಕೊಂಡು ಒಂದೊಂದೇ ಮಾತನ್ನು ಬಿಡಿಸಿದೆವು. ಮೊದಲು ಕಾಲೇಜು. ಸದಸ್ಯರು ಬಿ.ಕಾಂ.ಗೆ ಸೇರಿದ್ದು 1989ರಲ್ಲಿ. ಎರಡನೇ ವರ್ಷ ಮುಗಿಯುತ್ತಲೇ 1991ರಲ್ಲಿ ತಂದೆಯವರ ಆರೋಗ್ಯ ಕೆಟ್ಟು, ಓದು ಬಿಟ್ಟು ಥಾಣೆಯ ಗಲ್ಲಕ್ಕೆ ಬಂದು ಕುಳಿತರು. ಮ್ಯಾನೇಜರ್ ಅಲ್ಲಿಂದ ಪದವಿ ಪಡೆದದ್ದು 1999ರಲ್ಲಿ. ಇಬ್ಬರೂ ಒಂದು ದಿನವೂ ಒಟ್ಟಿಗೆ ಆ ಮೆಟ್ಟಿಲು ಹತ್ತಿದವರಲ್ಲ. ಸಹಪಾಠಿ ಎಂದರೆ ಒಂದೇ ತರಗತಿಯಲ್ಲಿ ಕುಳಿತವನು. ಇದು ಸಹಪಾಠಿ ಸಂಬಂಧವಲ್ಲ. 'ಅದೇ ಕಾಲೇಜಿನ ಪದವೀಧರ' ಎಂದೂ ಬರೆಯುವಂತಿಲ್ಲ, ಪದವಿ ಮುಗಿದಿಲ್ಲವಲ್ಲ. ಉಳಿಯುವುದು ಒಂದೇ ಮಾತು: ಆ ಕಾಲೇಜಿನಲ್ಲಿ ಇಂಥ ವರ್ಷದಿಂದ ಇಂಥ ವರ್ಷದವರೆಗೆ ಓದಿದವನು.

'ಅಷ್ಟಕ್ಕೆ ಏನು ಬೆಲೆ?' ಎಂದು ಸದಸ್ಯರು ಕೇಳಿದರು. ಬೆಲೆ ಇದೆ, ಆದರೆ ಅದರ ಅಳತೆ ತಿಳಿದಿರಬೇಕು. ಎಂ.ಜಿ.ಎಂ. ಆರಂಭವಾದದ್ದು 1949ರಲ್ಲಿ, ಮಂಗಳೂರಿನ ಸಂತ ಅಲೋಶಿಯಸ್ 1880ರಲ್ಲಿ. ಇಷ್ಟು ವರ್ಷಗಳಲ್ಲಿ ಅಲ್ಲಿ ಓದಿ ಹೊರಬಂದವರು ಎಷ್ಟು ಸಾವಿರ ಮಂದಿ! ಆದ್ದರಿಂದ 'ಒಂದೇ ಕಾಲೇಜು' ಎಂಬುದು ಗುತ್ತಿಗೆ ಕೊಡಲು ಕಾರಣವಾಗುವುದಿಲ್ಲ. ಪತ್ರವನ್ನು ಕೊನೆಯವರೆಗೆ ಓದಲು, ಭೇಟಿಯಾದಾಗ ಮೊದಲ ಐದು ನಿಮಿಷ ಮಾತನಾಡಲು ಒಂದು ನೆಪವಾಗುತ್ತದೆ. ಅದರಿಂದ ಅಷ್ಟೇ ಕೆಲಸ ತೆಗೆದುಕೊಳ್ಳಬೇಕು. ವರ್ಷವನ್ನು ಸೇರಿಸಿ ಬರೆದರೆ ಸುಳ್ಳಿಗೆ ಜಾಗವೇ ಉಳಿಯುವುದಿಲ್ಲ, ಓದುವವರೂ 'ಇವರು ನನಗಿಂತ ಹಿರಿಯರು, ನೋಡಿದ ನೆನಪಿಲ್ಲದಿರುವುದು ಸಹಜ' ಎಂದು ನಿರಾಳವಾಗುತ್ತಾರೆ. ವರ್ಷ ಬರೆಯದಿದ್ದರೆ ಅವರು ತಲೆ ಕೆರೆದುಕೊಂಡು ಹಳೆಯ ಗೆಳೆಯರಲ್ಲಿ ವಿಚಾರಿಸತೊಡಗುತ್ತಾರೆ. ಓದು ಅರ್ಧಕ್ಕೆ ಬಿಟ್ಟದ್ದನ್ನು ಮುಚ್ಚಿಡಬೇಕಾಗಿಯೂ ಇಲ್ಲ. ಗಲ್ಲದಲ್ಲಿ ಮೂವತ್ತು ವರ್ಷ ಕಳೆದವನಿಗೆ ಅದರಲ್ಲಿ ಕುಂದೇನೂ ಇಲ್ಲ.

ಎರಡನೆಯದು ರಾಯರ ಹೆಸರು. ರಾಯರ ಮೊಮ್ಮಗನ ಉಪನಯನಕ್ಕೆ 2022ರಲ್ಲಿ ಸದಸ್ಯರು 300 ಜನರ ಊಟ ಮಾಡಿದ್ದರು. ಅನಂತರ ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ಮೂರು ನಾಲ್ಕು ಸಲ ಭೇಟಿ, ನಮಸ್ಕಾರ, ಕುಶಲ ಪ್ರಶ್ನೆ. ಇದಕ್ಕೆ ನಮ್ಮ ಭಾಷೆಯಲ್ಲಿ ಚೆಂದದ ಶಬ್ದವಿದೆ, ಪರಿಚಯ. ಕಂಡರೆ ಗುರುತು ಹಿಡಿಯುವಷ್ಟೇ ಆದರೆ ಮುಖಪರಿಚಯ. ಹೆಸರು ಹಿಡಿದು ಮಾತನಾಡಿಸಿದರೆ ಪರಿಚಯ. ವರ್ಷಗಟ್ಟಲೆ ಕೆಲಸವೋ ವ್ಯವಹಾರವೋ ಒಟ್ಟಿಗೆ ನಡೆಸಿದ್ದರೆ ಒಡನಾಟ. ಕಷ್ಟಕಾಲದಲ್ಲಿ ಮನೆಗೆ ಬಂದು ಹೋಗುವವರಾದರೆ ಸ್ನೇಹ. 'ಆಪ್ತ', 'ಆತ್ಮೀಯ' ಎಂಬವು ಅದಕ್ಕಿಂತಲೂ ಒಳಗಿನವು. ಮದುವೆ ಕರೆಯೋಲೆಯಲ್ಲಿ ಎಲ್ಲರನ್ನೂ ಆತ್ಮೀಯರೆಂದು ಬರೆಯುತ್ತೇವೆ, ಅಲ್ಲಿ ಅದು ಮರ್ಯಾದೆಯ ಮಾತು. ಗುತ್ತಿಗೆಯ ಅರ್ಜಿಯಲ್ಲಿ ಅದು ಹೇಳಿಕೆಯಾಗುತ್ತದೆ.

ಇಲ್ಲಿ ಇನ್ನೊಂದು ಎಡವಟ್ಟಿದೆ. ನಮ್ಮ ಅರ್ಜಿಗಳು ಹೋಗುವುದು ಇಂಗ್ಲಿಷಿನಲ್ಲಿ. ನಾವು ಗಲ್ಲದಲ್ಲಿ ಕುಳಿತು 'ಅವರು ನಮ್ಮ ಗುರುತಿನವರು ಅಂತ ಬರೀರಿ' ಎಂದು ಅಕೌಂಟೆಂಟಿಗೆ ಹೇಳುತ್ತೇವೆ. ಅವರು 'ಕ್ಲೋಸ್ ಫ್ರೆಂಡ್' ಎಂದು ಟೈಪು ಮಾಡುತ್ತಾರೆ, ನಾವು ಸಹಿ ಹಾಕುತ್ತೇವೆ. ಕನ್ನಡದಲ್ಲಿ ನಿಜವಾಗಿದ್ದದ್ದು ಇಂಗ್ಲಿಷಿಗೆ ಹೋಗುವಷ್ಟರಲ್ಲಿ ಸುಳ್ಳಾಗಿರುತ್ತದೆ. 'ನಮಗೆ ಬೇಕಾದವರು' ಎಂಬ ಮಾತಂತೂ ಇಂಗ್ಲಿಷಿಗೆ ಹೋದರೆ ಏನಾಗುತ್ತದೋ ಹೇಳಲಾಗದು. ಆದ್ದರಿಂದ ಸಂಬಂಧದ ಹೆಸರನ್ನು ಬಿಟ್ಟು ನಡೆದ ಸಂಗತಿಯನ್ನೇ ಬರೆಸುವುದು ಕ್ಷೇಮ. '2022ರಲ್ಲಿ ಅವರ ಮನೆಯ ಉಪನಯನಕ್ಕೆ 300 ಜನರ ಊಟ ಮಾಡಿದ್ದೆವು' ಎಂಬುದನ್ನು ಯಾವ ಭಾಷೆಗೆ ಹಾಕಿದರೂ ಅದು ಹಿಗ್ಗುವುದಿಲ್ಲ.

ಮೂರನೆಯದು, 'ಸಂಪರ್ಕಿಸಲು ಸೂಚಿಸಿದ್ದಾರೆ' ಎಂಬ ಮಾತು. ರಾಯರು ಏನನ್ನೂ ಸೂಚಿಸಿರಲಿಲ್ಲ. ಈ ಸುದ್ದಿಯೇ ಅವರಿಗೆ ತಿಳಿದಿರಲಿಲ್ಲ. ಆದ್ದರಿಂದ ಪತ್ರವನ್ನು ಬದಿಗಿಟ್ಟು ಅವರಿಗೆ ಫೋನು ಮಾಡಿಸಿದೆವು. ಮಾತು ಹೀಗೆ ನಡೆಯಿತು.

'ರಾಯರೇ, ನಮಸ್ಕಾರ. ಐರೋಲಿಯ ಕಂಪೆನಿಗೆ ಊಟದ ಗುತ್ತಿಗೆಗೆ ಅರ್ಜಿ ಹಾಕ್ತಾ ಇದ್ದೇನೆ. ಅಲ್ಲಿನ ಮ್ಯಾನೇಜರು ನಿಮಗೆ ಗೊತ್ತಂತೆ. ನಿಮ್ಮ ಮನೆಯ ಉಪನಯನಕ್ಕೆ ನಾವು ಊಟ ಮಾಡಿದ್ದನ್ನು ಪತ್ರದಲ್ಲಿ ಬರೆಯಬಹುದಾ?'

'ಬರೀರಿ ಮಾರಾಯ್ರೆ, ಅದರಲ್ಲೇನು. ಆದರೆ ಅವರು ಕೇಳಿದರೆ ನಾನು ಆವತ್ತಿನ ಊಟದ ಬಗ್ಗೆ ಮಾತ್ರ ಹೇಳಬಲ್ಲೆ. ದಿನಾ ಕ್ಯಾಂಟೀನು ನಡೆಸೋದು ನಿಮಗೆ ಹೇಗೆ ಆಗ್ತದೆ ಅಂತ ನನಗೆ ಗೊತ್ತಿಲ್ಲ ನೋಡಿ.'

'ಅಷ್ಟೇ ಸಾಕು ರಾಯರೇ. ನಿಮಗೂ ಅವರಿಗೂ ಬಳಕೆ ಹೇಗೆ?'

'ಮೊದಲು ನಾವು ಒಂದೇ ಬಿಲ್ಡಿಂಗಿನಲ್ಲಿದ್ದೆವು. ಅವರ ತಂದೆ ನನಗೆ ಚೆನ್ನಾಗಿ ಗೊತ್ತು. ಹುಡುಗ ಈಗ ದೊಡ್ಡ ಹುದ್ದೆಯಲ್ಲಿದ್ದಾನೆ, ನಾನು ಫೋನು ಮಾಡಿ ಹೇಳೋದೆಲ್ಲ ಬೇಡ.'

ಈ ಎರಡು ನಿಮಿಷದ ಮಾತಿನಲ್ಲಿ ಮೂರು ಸಂಗತಿಗಳು ತಿಳಿದವು. ಹೆಸರು ಬರೆಯಲು ಒಪ್ಪಿಗೆ ಇದೆ. ಅವರು ಯಾವುದಕ್ಕೆ ಸಾಕ್ಷಿ, ಯಾವುದಕ್ಕೆ ಅಲ್ಲ ಎಂಬ ಗಡಿ ಗೊತ್ತಾಯಿತು. ತಾವಾಗಿ ಶಿಫಾರಸು ಮಾಡಲು ಅವರಿಗೆ ಮನಸ್ಸಿಲ್ಲ ಎಂಬುದೂ ಗೊತ್ತಾಯಿತು. ಈ ಕೊನೆಯದನ್ನು ನಾವು ಗೌರವಿಸಬೇಕು. 'ಒಂದು ಮಾತು ಹೇಳಿಬಿಡಿ ರಾಯರೇ' ಎಂದು ಒತ್ತಾಯಿಸಿದರೆ ದಾಕ್ಷಿಣ್ಯಕ್ಕೆ ಹೂಂ ಎನ್ನುತ್ತಾರೆ, ಫೋನು ಬಂದಾಗ ಅವರ ದನಿಯಲ್ಲೇ ಆ ದಾಕ್ಷಿಣ್ಯ ಕೇಳಿಸುತ್ತದೆ. 'ಬಳಕೆ ಹೇಗೆ' ಎಂಬ ಪ್ರಶ್ನೆಯೂ ಮುಖ್ಯ. ನಮಗೆ ಒಳ್ಳೆಯವರಾದವರು ಓದುವವರಿಗೂ ಒಳ್ಳೆಯವರಾಗಿರಬೇಕೆಂದಿಲ್ಲ. ಸೊಸೈಟಿಯ ಜಗಳವೋ ಸಂಘದ ಚುನಾವಣೆಯೋ ಇಬ್ಬರ ನಡುವೆ ಬಂದಿದ್ದರೆ ಆ ಹೆಸರೇ ನಮಗೆ ಅಡ್ಡಿಯಾಗುತ್ತದೆ.

ಕೊನೆಗೆ ತಯಾರಾದ ಪತ್ರದ ಕ್ರಮ ಹೀಗಿತ್ತು. ಮೊದಲ ಪ್ಯಾರಾದಲ್ಲಿ ಕೆಲಸದ ಮಾತು: ದಿನಕ್ಕೆ 350 ಊಟ ಒದಗಿಸಲು ಸಿದ್ಧರಿದ್ದೇವೆ, ಅಡುಗೆ ಥಾಣೆಯ ನಮ್ಮ ಸ್ವಂತ ಅಡುಗೆಮನೆಯಲ್ಲಿ ಆಗುತ್ತದೆ, ಬೆಳಗಿನ ಹೊತ್ತು ಟೆಂಪೋ ನಿಮ್ಮಲ್ಲಿಗೆ ಬರಲು 40 ನಿಮಿಷ ಬೇಕು, ಎಫ್.ಎಸ್.ಎಸ್.ಎ.ಐ. ಲೈಸೆನ್ಸಿನ 14 ಅಂಕಿಗಳ ಸಂಖ್ಯೆ ಇಂಥದು. ಎರಡನೆಯದರಲ್ಲಿ ದರ ಮತ್ತು ಮೆನು. ಪರಿಚಯದ ಮಾತು ಬಂದದ್ದು ಮೂರನೆಯ ಪ್ಯಾರಾದಲ್ಲಿ. ಕನ್ನಡದಲ್ಲಿ ಹೇಳುವುದಾದರೆ ಅದು ಹೀಗಿತ್ತು:

'ತಮಗೆ ಪರಿಚಯವಿರುವ ರಾಯರ ಮನೆಯ ಉಪನಯನಕ್ಕೆ 2022ರಲ್ಲಿ ನಾವು 300 ಜನರ ಊಟ ಒದಗಿಸಿದ್ದೆವು. ಆ ದಿನದ ಊಟದ ಬಗ್ಗೆ ತಾವು ಅವರನ್ನು ವಿಚಾರಿಸಬಹುದು, ಅವರ ಒಪ್ಪಿಗೆ ಪಡೆದೇ ಇದನ್ನು ಬರೆದಿದ್ದೇವೆ. ದಿನನಿತ್ಯದ ಪೂರೈಕೆಯ ಬಗ್ಗೆ ತಿಳಿಯಲು, ಎರಡು ವರ್ಷಗಳಿಂದ ನಾವು ದಿನಕ್ಕೆ 120 ಊಟ ಕೊಡುತ್ತಿರುವ ಕಚೇರಿಯವರ ದೂರವಾಣಿ ಸಂಖ್ಯೆಯನ್ನು ಅವರ ಅನುಮತಿಯೊಂದಿಗೆ ಕೆಳಗೆ ಕೊಟ್ಟಿದ್ದೇವೆ. ತಾವು ಓದಿದ ಎಂ.ಜಿ.ಎಂ. ಕಾಲೇಜಿನಲ್ಲಿ ನಾನೂ 1989ರಿಂದ 1991ರವರೆಗೆ ಎರಡು ವರ್ಷ ಬಿ.ಕಾಂ. ಓದಿದ್ದೇನೆ, ತಮಗಿಂತ ಬಹಳ ಮೊದಲು.'

ಇಷ್ಟೇ. ಇದರಲ್ಲಿ ಯಾವ ಸಾಲನ್ನು ಹಿಡಿದು ಯಾರಿಗೆ ಫೋನು ಮಾಡಿದರೂ ಅದೇ ಉತ್ತರ ಬರುತ್ತದೆ. ರಾಯರ ಮಾತು ಎಲ್ಲಿ ನಿಲ್ಲುತ್ತದೋ ಅಲ್ಲಿಂದ ಮುಂದಕ್ಕೆ ಬೇರೊಬ್ಬರ ಮಾತು ಇದೆ. ಮದುವೆ, ಉಪನಯನದ ಊಟ ಒಂದು ದಿನದ ಕೆಲಸ. ಕ್ಯಾಂಟೀನೆಂದರೆ ಮಳೆ ಬರಲಿ, ಅಡುಗೆಯವನು ಊರಿಗೆ ಹೋಗಲಿ, ಹನ್ನೆರಡೂವರೆಗೆ ಬಿಸಿ ಅನ್ನ ತಲುಪಲೇಬೇಕು. ಮ್ಯಾನೇಜರಿಗೆ ಬೇಕಾದದ್ದು ಆ ಎರಡನೆಯದಕ್ಕೆ ಸಾಕ್ಷಿ. ದೊಡ್ಡವರ ಹೆಸರಿಗಿಂತ ಅಂಥ ಸಣ್ಣ ಕಚೇರಿಯ ಹೆಸರಿಗೆ ತೂಕ ಹೆಚ್ಚು ಎಂಬುದು ನಮ್ಮ ಅನುಭವ.

ಮ್ಯಾನೇಜರು ರಾಯರಿಗೆ ಫೋನು ಮಾಡಿದರು, ಆ ಕಚೇರಿಗೂ ಮಾಡಿದರು. ಸದಸ್ಯರನ್ನು ರುಚಿ ನೋಡಲು ಕರೆದರು, ಹದಿನೈದು ದಿನ ಪ್ರಾಯೋಗಿಕವಾಗಿ ನಡೆಸಿದರು. ಊಟದ ಗುತ್ತಿಗೆ ಕಡಿಮೆ ದರ ಕೊಟ್ಟ ಇನ್ನೊಬ್ಬರಿಗೆ ಹೋಯಿತು, ಸಂಜೆಯ ತಿಂಡಿ ಮತ್ತು ಚಹಾ ನಮ್ಮ ಸದಸ್ಯರಿಗೆ ಸಿಕ್ಕಿತು. ಪರಿಚಯದ ಮಾತು ಬಾಗಿಲು ತೆರೆಸಿತು, ಆದರೆ ದರವನ್ನು ಗೆಲ್ಲಿಸಲಿಲ್ಲ. ಹಾಗೆ ಗೆಲ್ಲಿಸುತ್ತದೆಂದು ಎಣಿಸುವುದೇ ತಪ್ಪು.

ಹೆಸರನ್ನು ಬರೆಯಲೇಬಾರದ ಕಡೆ ಎಂದರೆ ಟೆಂಡರ್. ಸರಕಾರಿ ಕಚೇರಿ, ಸಾರ್ವಜನಿಕ ಉದ್ದಿಮೆಗಳ ಅನೇಕ ಟೆಂಡರುಗಳಲ್ಲಿ, ಯಾವುದೇ ರೀತಿಯಲ್ಲಿ ಪ್ರಭಾವ ಬೀರಲು ಯತ್ನಿಸಿದರೆ ಅರ್ಜಿ ತಿರಸ್ಕೃತವಾಗುತ್ತದೆ ಎಂಬ ಷರತ್ತು ಇರುತ್ತದೆ. ಅಲ್ಲಿ 'ನಿಮ್ಮ ಇಂಥ ಅಧಿಕಾರಿ ನಮ್ಮ ಕಾಲೇಜಿನವರು' ಎಂಬ ಸಾಲನ್ನು ನಾವು ಸತ್ಯವಾಗಿಯೇ ಬರೆದರೂ ಅದು ನಮಗೆ ವಿರುದ್ಧವಾಗಬಹುದು. ಆದರೆ ನಮ್ಮ ಹತ್ತಿರದ ಸಂಬಂಧಿಕರು ಆ ಸಂಸ್ಥೆಯಲ್ಲಿ ನೌಕರಿಯಲ್ಲಿದ್ದರೆ ಅದನ್ನು ತಿಳಿಸಬೇಕೆಂದೂ ಕೆಲವು ಟೆಂಡರುಗಳು ಕೇಳುತ್ತವೆ. ಹಾಗೆ ಕೇಳಿದಲ್ಲಿ ಅದಕ್ಕೆಂದೇ ಇರುವ ಘೋಷಣಾ ಪತ್ರದಲ್ಲಿ ಹೆಸರು, ಹುದ್ದೆ, ಸಂಬಂಧ ಮೂರನ್ನೂ ಬರೆಯಬೇಕು. ಭಾವನಾಗಿದ್ದರೆ ಭಾವ, ಚಿಕ್ಕಪ್ಪನ ಮಗನಾಗಿದ್ದರೆ ಹಾಗೆಯೇ. ಖಾಸಗಿ ಪತ್ರದಲ್ಲಿ ಸಂಬಂಧವನ್ನು ಹಿಗ್ಗಿಸುವುದು ಎಷ್ಟು ತಪ್ಪೋ, ಇಲ್ಲಿ ಅದನ್ನು ಕುಗ್ಗಿಸಿ ಹೇಳುವುದೂ ಅಷ್ಟೇ ತಪ್ಪು.

'ನಮ್ಮ ಹಿರಿಯರೆಲ್ಲ ಹೆಸರಿನ ಮೇಲೆಯೇ ಮೇಲೆ ಬಂದವರಲ್ಲವೇ?' ಎಂದು ಕೆಲವರು ವಾದಿಸುತ್ತಾರೆ. ಹೌದು. ಊರಿನ ಹಿರಿಯರ ಒಂದು ಚೀಟಿ ಹಿಡಿದು ಮುಂಬಯಿಗೆ ಬಂದ ಹುಡುಗ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ, ಮುಂದೆ ತನ್ನದೇ ಹೋಟೆಲ್ ಇಟ್ಟ ಕಥೆ ನಮ್ಮಲ್ಲಿ ಹಲವರ ಮನೆಯದೇ. ಆದರೆ ಆ ಚೀಟಿ ಬರೆದವರು ಹುಡುಗನಿಗೆ ಜವಾಬ್ದಾರರಾಗಿರುತ್ತಿದ್ದರು. ಅವನು ಗಲ್ಲಕ್ಕೆ ಕೈ ಹಾಕಿದರೆ ಊರಿನಲ್ಲಿ ಅವರನ್ನು ಕೇಳುತ್ತಿದ್ದರು. ಹೆಸರು ಹೇಳಿದವನಿಗೂ ಹೆಸರು ಕೊಟ್ಟವರಿಗೂ ಅದರ ಭಾರ ಗೊತ್ತಿತ್ತು. ಇಂದು ನಾವು ಕೇಳದೆ ಎತ್ತಿಕೊಳ್ಳುವ ಹೆಸರಿನ ಭಾರವನ್ನು ಹೊರುವವರು, ಅದು ತಮ್ಮ ಮೇಲೆ ಬಿದ್ದಿದೆ ಎಂದೇ ತಿಳಿಯದವರು. ಹಿರಿಯರ ಪದ್ಧತಿಯನ್ನು ಮುಂದುವರಿಸುವುದಾದರೆ ಪೂರ್ತಿಯಾಗಿ ಮುಂದುವರಿಸೋಣ.

ಇನ್ನೊಂದು ಮಾತನ್ನೂ ಹೇಳಿಬಿಡುತ್ತೇವೆ. ನಮ್ಮ ಸಂಘದ ಪದಾಧಿಕಾರಿಗಳ ಹೆಸರನ್ನೂ ಕೆಲವರು ಹೀಗೆಯೇ ಬಳಸುತ್ತಾರೆ. ಸಂಘದ ಸದಸ್ಯರೆಂದು, ಯಾವ ವರ್ಷದಿಂದ ಎಂಬುದರೊಂದಿಗೆ, ಧಾರಾಳವಾಗಿ ಬರೆಯಿರಿ. ಯಾರಾದರೂ ಕೇಳಿದರೆ ಪುಸ್ತಕ ನೋಡಿ ಹೌದೆನ್ನಬಹುದು. 'ಅಧ್ಯಕ್ಷರು ನಮ್ಮ ಬೆನ್ನಿಗಿದ್ದಾರೆ' ಎಂದು ಬರೆಯುವ ಮೊದಲು ಅಧ್ಯಕ್ಷರಿಗೆ ಒಂದು ಫೋನು ಮಾಡಿ. ಅವರ ನಂಬರು ಎಲ್ಲ ಸದಸ್ಯರ ಬಳಿಯೂ ಇದೆ.